ಸೂರು ಎತ್ತರವಾದಾಗ ನೀರು ಎಷ್ಟು ಬೇಕು?

ಅತ್ತಿಬೆಲೆ ದಾಟಿ ಹೊಸೂರಿನ ಕಡೆಗೆ, ಅಲ್ಲಿಂದ ಸೂಳಗಿರಿ, ಕೃಷ್ಣಗಿರಿಯ ಕಡೆಗೆ ಹೋಗುವ 44ನೇ ರಾಷ್ಟ್ರೀಯ ಹೆದ್ದಾರಿಯ ಎರಡೂ ಬದಿ ನೀಲಿ, ಬೂದು ಬಣ್ಣದ ತಗಡಿನ ಗೋದಾಮುಗಳು ಎದ್ದಿವೆ. ಇವು ಹೀಗೆ ಬೆಳೆದದ್ದಕ್ಕೆ ಒಂದು ತೆರಿಗೆಯೂ ಕಾರಣ. ಮೊದಲು ಒಂದು ರಾಜ್ಯದಿಂದ ಇನ್ನೊಂದಕ್ಕೆ ಸರಕು ಮಾರಿದರೆ ಕೇಂದ್ರ ಮಾರಾಟ ತೆರಿಗೆ ಬೀಳುತ್ತಿತ್ತು. ಅದನ್ನು ತಪ್ಪಿಸಲು ಕಂಪನಿಗಳು ರಾಜ್ಯಕ್ಕೊಂದರಂತೆ ಚಿಕ್ಕ ಗೋದಾಮು ಇಟ್ಟುಕೊಳ್ಳುತ್ತಿದ್ದವು. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ಆ ಲೆಕ್ಕಾಚಾರ ಮುಗಿಯಿತು. ಹತ್ತು ಸಣ್ಣ ಗೋದಾಮಿನ ಬದಲು ಹಲವು ರಾಜ್ಯಕ್ಕೆ ಸಲ್ಲುವ ಒಂದು ದೊಡ್ಡದು ಸಾಕಾಯಿತು. ನೆಲದ ಬೆಲೆ ಏರಿದಂತೆ ಸರಕು ಮೇಲಕ್ಕೆ ಹತ್ತಿತು. ಮೂಟೆಗಳ ಅಟ್ಟಿ ಹೋಗಿ ಉಕ್ಕಿನ ರ್‍ಯಾಕುಗಳು ಬಂದವು. ಸೂರು ಒಂಬತ್ತು, ಹನ್ನೆರಡು ಮೀಟರಿಗೆ ಏರಿತು.

ಅಲ್ಲಿಗೆ ಬೆಂಕಿಯ ಲೆಕ್ಕವೂ ಬದಲಾಯಿತು. ಗೋದಾಮಿನ ಹಿಂದೆ, ಸಂಪಿನ ಪಕ್ಕದ ಪಂಪ್ ಹೌಸಿನಲ್ಲಿ ಕೆಂಪು ಬಣ್ಣದ ಪಂಪೊಂದು ಕೂತಿರುತ್ತದೆ. ನಿಮಿಷಕ್ಕೆ ಇಷ್ಟು ಲೀಟರ್, ಇಷ್ಟು ಬಾರ್ ಒತ್ತಡ ಎಂದು ಅದರ ಫಲಕದಲ್ಲಿ ಎರಡೇ ಅಂಕಿ. ಆ ಎರಡು ಅಂಕಿಗಳ ಹಿಂದೆ ನೂರೈವತ್ತು ವರ್ಷದ ಕಥೆಯಿದೆ.

ಸ್ಪ್ರಿಂಕ್ಲರ್ ಹುಟ್ಟಿದ್ದು ಪಿಯಾನೊ ಕಾರ್ಖಾನೆಯೊಂದರಲ್ಲಿ. ಅಮೆರಿಕದ ನ್ಯೂ ಹೇವನ್‌ನಲ್ಲಿ ಹೆನ್ರಿ ಪಾರ್ಮೆಲಿ ತನ್ನ ಕಾರ್ಖಾನೆಯನ್ನು ಉಳಿಸಿಕೊಳ್ಳಲು, ಕಾವಿಗೆ ಕರಗುವ ಬೆಸುಗೆಯಿಂದ ಬಾಯಿ ಮುಚ್ಚಿದ ನಳಿಕೆಗೆ 1874ರಲ್ಲಿ ಪೇಟೆಂಟ್ ಪಡೆದ. ಅದನ್ನು ಹರಡಿದವರು ವಿಮೆ ಕಂಪನಿಯವರು. ಹತ್ತಿ ಗಿರಣಿಗೆ ಸ್ಪ್ರಿಂಕ್ಲರ್ ಹಾಕಿಸಿದರೆ ವಿಮೆಯ ಕಂತು ಇಳಿಯುತ್ತಿತ್ತು. ಅವರಿಗಾಗಿ ಕೆಲಸ ಮಾಡುತ್ತಿದ್ದ ಎಂಜಿನಿಯರ್ ಜಾನ್ ಫ್ರೀಮನ್, ಬೆಂಕಿ ಆರಿಸುವ ಮೆದುಗೊಳವೆಯ ಧಾರೆಯನ್ನು ನೂರಾರು ಸಲ ಅಳೆದು 1889ರಲ್ಲಿ ಫಲಿತಾಂಶ ಪ್ರಕಟಿಸಿದ. ಅವನ ಪ್ರಕಾರ ಒಂದು ಒಳ್ಳೆಯ ಧಾರೆಗೆ ನಿಮಿಷಕ್ಕೆ 250 ಗ್ಯಾಲನ್, ಅಂದರೆ ಸುಮಾರು 950 ಲೀಟರ್ ಬೇಕು. ಅದೇ ಅಂಕಿ ಇಂದಿಗೂ ಅಮೆರಿಕದ ಸ್ಪ್ರಿಂಕ್ಲರ್ ನಿಯಮಾವಳಿ ಎನ್‌ಎಫ್‌ಪಿಎ 13ರಲ್ಲಿ ‘ಮೆದುಗೊಳವೆಯ ಪಾಲು’ ಎಂದು ಉಳಿದಿದೆ. ಹೊಸೂರಿನ ಡಿಸೈನರ್ ತನ್ನ ಹಾಳೆಯ ಕೊನೆಗೆ 950 ಕೂಡಿಸುವಾಗ ಫ್ರೀಮನ್‌ನ ಹೆಸರು ಅವನಿಗೆ ಗೊತ್ತಿರಬೇಕೆಂದೇನಿಲ್ಲ.

ಆ ಕಾಲದಲ್ಲಿ ಪೈಪಿನ ಗಾತ್ರಕ್ಕೆ ಲೆಕ್ಕವೇ ಇರಲಿಲ್ಲ, ಪಟ್ಟಿ ಇತ್ತು. ಒಂದಿಂಚಿನ ಪೈಪಿಗೆ ಎರಡು ಸ್ಪ್ರಿಂಕ್ಲರ್, ಎರಡಿಂಚಿನ ಪೈಪಿಗೆ ಹತ್ತು, ಹೀಗೆ. ಕಡೆಯ ಸ್ಪ್ರಿಂಕ್ಲರಿನಲ್ಲಿ ಎಷ್ಟು ನೀರು ಬೀಳುತ್ತದೆ ಎಂದು ಯಾರೂ ಕೇಳುತ್ತಿರಲಿಲ್ಲ. ಪ್ಲಾಸ್ಟಿಕ್ ಬಂದು, ರ್‍ಯಾಕು ಬಂದು, ಬೆಂಕಿ ನಿಮಿಷಗಳಲ್ಲಿ ಸೂರಿಗೆ ಏರತೊಡಗಿದಾಗ ಪಟ್ಟಿ ಕೈಕೊಟ್ಟಿತು. 1982ರ ಜೂನ್ 21ರಂದು ಪೆನ್ಸಿಲ್ವೇನಿಯಾದ ಫಾಲ್ಸ್ ಟೌನ್‌ಶಿಪ್‌ನಲ್ಲಿ ಕೆ-ಮಾರ್ಟ್‌ನ ವಿತರಣಾ ಗೋದಾಮು ಸುಟ್ಟುಹೋಯಿತು. ಅಲ್ಲಿ ಸ್ಪ್ರಿಂಕ್ಲರ್ ಇತ್ತು, ಆದರೆ ಏರೋಸಾಲ್ ಡಬ್ಬಿಗಳ ಬೆಂಕಿ ಅದನ್ನು ಮೀರಿತು.

ಮೀರುವುದು ಹೇಗೆ ಎಂಬುದನ್ನು ಹಿಡಿದರೆ ಇಡೀ ಲೆಕ್ಕ ಕೈಗೆ ಸಿಕ್ಕಂತೆ. ಬೆಂಕಿ ಏಳಿಸುವ ಬಿಸಿಗಾಳಿಯನ್ನು ಸೀಳಿಕೊಂಡು ಹನಿಗಳು ಸರಕಿನ ಮೈಗೆ ತಲುಪಬೇಕು. ಒತ್ತಡ ಸಾಲದಿದ್ದರೆ ನೀರು ತಲುಪುವುದಿಲ್ಲ, ಕಾವು ಸೂರಿನಡಿ ಹರಡಿ ಅಕ್ಕಪಕ್ಕದ ಸ್ಪ್ರಿಂಕ್ಲರ್‌ಗಳೂ ಒಡೆಯುತ್ತವೆ. ಒಡೆದ ಪ್ರತಿಯೊಂದೂ ಅದೇ ಪೈಪಿನಿಂದ ನೀರು ಕುಡಿಯುವುದರಿಂದ ಎಲ್ಲದರ ಒತ್ತಡ ಇನ್ನಷ್ಟು ಇಳಿದು, ಇನ್ನಷ್ಟು ಒಡೆಯುತ್ತವೆ. ಸ್ವಲ್ಪ ಹೊತ್ತಿನಲ್ಲಿ ಸೂರಿನ ತುಂಬ ಮಳೆ ಬರುತ್ತಿರುತ್ತದೆ, ಬೆಂಕಿಯ ಮೇಲೆ ಮಾತ್ರ ಸಾಕಷ್ಟು ಬೀಳುತ್ತಿರುವುದಿಲ್ಲ.

ಇದಕ್ಕೆ ಉತ್ತರವಾಗಿ 1980ರ ದಶಕದ ಕೊನೆಗೆ ಬಂದದ್ದೇ ಇಎಸ್‌ಎಫ್‌ಆರ್ ಸ್ಪ್ರಿಂಕ್ಲರ್. ಬೇಗ ಒಡೆದು, ದಪ್ಪ ಹನಿಯಲ್ಲಿ ಬಹಳ ನೀರು ಸುರಿದು, ಬೆಂಕಿಯನ್ನು ಹತೋಟಿಯಲ್ಲಿಡುವುದಕ್ಕಿಂತ ಅಲ್ಲೇ ಅದುಮುವುದು ಇದರ ಉದ್ದೇಶ. ಹೆದ್ದಾರಿಯ ಹೊಸ ಗೋದಾಮುಗಳ ಸೂರಿನಲ್ಲಿ ಸಾಮಾನ್ಯವಾಗಿ ಕಾಣುವುದು ಇದೇ. ಪೂರ್ಣ ಪ್ರಮಾಣದ ಬೆಂಕಿ ಪರೀಕ್ಷೆಗಳಲ್ಲಿ ಇವು ಕೆಲವೇ ಒಡೆದು ಬೆಂಕಿ ಅಡಗಿತು. ಅದಕ್ಕೆ ಮೀಸಲು ಸೇರಿಸಿ, ಮೂರು ಕವಲು ಪೈಪಿನ ಮೇಲೆ ನಾಲ್ಕು ನಾಲ್ಕರಂತೆ ಹನ್ನೆರಡು ಸ್ಪ್ರಿಂಕ್ಲರ್ ಒಟ್ಟಿಗೆ ಒಡೆದವೆಂದು ಲೆಕ್ಕ ಹಾಕುವ ನಿಯಮ ಬಂತು.

ಒಂದು ಗೋದಾಮು ಕಲ್ಪಿಸಿಕೊಳ್ಳೋಣ. ಸೂರಿನ ಎತ್ತರ 9.1 ಮೀಟರ್, ರ್‍ಯಾಕಿನಲ್ಲಿ ರಟ್ಟಿನ ಪೆಟ್ಟಿಗೆಗಳು 7.6 ಮೀಟರ್ ತನಕ. ನಿಯಮದ ಪ್ರಕಾರ ಇಲ್ಲಿ 200ರ ಕೆ-ಅಂಕದ ಇಎಸ್‌ಎಫ್‌ಆರ್ ಸ್ಪ್ರಿಂಕ್ಲರಿಗೆ ಕನಿಷ್ಠ 3.5 ಬಾರ್ ಬೇಕು. ಹರಿವಿನ ಸೂತ್ರ Q = K√P. 3.5ರ ವರ್ಗಮೂಲ 1.87, ಅದನ್ನು 200ರಿಂದ ಗುಣಿಸಿದರೆ ಒಂದು ಸ್ಪ್ರಿಂಕ್ಲರಿಗೆ ನಿಮಿಷಕ್ಕೆ 374 ಲೀಟರ್. ಲೆಕ್ಕ ಶುರುವಾಗುವುದು ಪಂಪಿನಿಂದಲ್ಲ, ಪಂಪಿಗೆ ಅತಿ ದೂರದ ಈ ಒಂದು ಸ್ಪ್ರಿಂಕ್ಲರಿನಿಂದ. ನೀರು ಹರಿಯುತ್ತಿರುವಾಗಲೇ ಅದರ ಬಾಯಲ್ಲಿ ಉಳಿದಿರಬೇಕಾದ 3.5 ಬಾರ್‌ಗೇ ‘ಉಳಿಕೆ ಒತ್ತಡ’ ಎನ್ನುವುದು.

ಅಲ್ಲಿಂದ ಹಿಂದೆ ಹಿಂದೆ ಬರಬೇಕು. ಕವಲು ಪೈಪು 65 ಮಿಲಿಮೀಟರ್, ಸ್ಪ್ರಿಂಕ್ಲರ್‌ಗಳ ನಡುವೆ ಮೂರು ಮೀಟರ್ ಎಂದುಕೊಂಡರೆ, ಎರಡನೆಯದರ ಬಳಿ ಒತ್ತಡ ಸ್ವಲ್ಪ ಹೆಚ್ಚು, ಹಾಗಾಗಿ ಅದು ಸುರಿಸುವ ನೀರೂ ಸ್ವಲ್ಪ ಹೆಚ್ಚು. ಮೂರು, ನಾಲ್ಕನೆಯದು ಇನ್ನೂ ಹೆಚ್ಚು. ನಾಲ್ಕನ್ನೂ ದಾಟಿ ದೊಡ್ಡ ಪೈಪಿಗೆ ಬರುವಷ್ಟರಲ್ಲಿ ಒತ್ತಡ ಸುಮಾರು 4.1 ಬಾರ್, ಆ ಕವಲಿನ ನೀರು 1,500 ಲೀಟರಿಗಿಂತ ತುಸು ಮೇಲೆ. ಮೂರು ಕವಲು ಸೇರಿ ಸುಮಾರು 4,550 ಲೀಟರ್. ಪೈಪಿನೊಳಗಿನ ಈ ಘರ್ಷಣೆಯ ನಷ್ಟವನ್ನು ಅಳೆಯಲು ಬಳಸುವುದು ಹೇಝನ್ ಮತ್ತು ವಿಲಿಯಮ್ಸ್ 1905ರಲ್ಲಿ ಕೊಟ್ಟ ಸೂತ್ರ. ಹರಿವು ಎರಡು ಪಟ್ಟಾದರೆ ನಷ್ಟ ಸುಮಾರು 3.6 ಪಟ್ಟಾಗುತ್ತದೆ ಎಂಬುದು ಅದರ ಸಾರ.

ಮುಂದಿನದು ಕೂಡುವ ಕೆಲಸ. ಸೂರಿನಡಿಯ 150 ಮಿಲಿಮೀಟರ್ ಪೈಪಿನಲ್ಲಿ ಸುಮಾರು 0.9 ಬಾರ್ ನಷ್ಟ. ಒಂಬತ್ತು ಮೀಟರ್ ಮೇಲೆತ್ತಲು 0.9, ಅಲಾರಂ ವಾಲ್ವಿಗೆ 0.3. ಸ್ಪ್ರಿಂಕ್ಲರಿನ ನೀರಿನ ಜೊತೆಗೆ ಮೆದುಗೊಳವೆಯ 950 ಲೀಟರನ್ನೂ ಹೊತ್ತು ತರುವ, 150 ಮೀಟರ್ ಉದ್ದದ 200 ಮಿಲಿಮೀಟರ್ ನೆಲದಡಿ ಪೈಪಿನಲ್ಲಿ 0.7. ಪಂಪು ಕೊಡಬೇಕಾದದ್ದು ನಿಮಿಷಕ್ಕೆ 5,500 ಲೀಟರ್, ಒತ್ತಡ ಸುಮಾರು 6.9 ಬಾರ್.

ಇನ್ನು ಸೂರನ್ನು 12.2 ಮೀಟರಿಗೆ ಏರಿಸಿ, ಸರಕನ್ನು 10.7 ಮೀಟರ್ ತನಕ ಪೇರಿಸಿ ನೋಡಿ. ಅದೇ ಸ್ಪ್ರಿಂಕ್ಲರಿಗೆ ಈಗ 5.2 ಬಾರ್ ಬೇಕು. ಒಂದೊಂದರ ಹರಿವು 455 ಲೀಟರಿಗೆ ಏರುತ್ತದೆ, ಪೈಪಿನ ನಷ್ಟ ಶೇ 40ರಷ್ಟು ಹೆಚ್ಚುತ್ತದೆ. ಪಂಪಿನ ಬಾಯಲ್ಲಿ ಹತ್ತಿರ ಹತ್ತಿರ 10 ಬಾರ್, 6,450 ಲೀಟರ್. ಮೂರು ಮೀಟರ್ ತಗಡು ಹೆಚ್ಚಿದ್ದಕ್ಕೆ ಪಂಪಿನ ಶಕ್ತಿ 90 ಕಿಲೋವಾಟಿನ ಸುತ್ತಮುತ್ತಲಿಂದ 150ರ ಹತ್ತಿರಕ್ಕೆ ಹಾರುತ್ತದೆ. ಇದಕ್ಕೇ ಡಿಸೈನರುಗಳು ಹೆಚ್ಚು ಕೆ-ಅಂಕದ, ಕಡಿಮೆ ಒತ್ತಡಕ್ಕೆ ಹೆಚ್ಚು ನೀರು ಬಿಡುವ ಸ್ಪ್ರಿಂಕ್ಲರಿಗೆ ಹೋಗುತ್ತಾರೆ. ದುಡ್ಡಿನ ದೃಷ್ಟಿಯಿಂದಲೂ ಅದೇ ಸರಿ ಎನ್ನುವುದು ನನ್ನ ಅಭಿಪ್ರಾಯ.

ಹೈಡ್ರಂಟಿನ ಲೆಕ್ಕ ನಮ್ಮಲ್ಲಿ ಬೇರೆ ದಾರಿಯಲ್ಲಿ ಬಂತು. 1968ರ ವಿಮಾ ಕಾಯ್ದೆ ತಿದ್ದುಪಡಿಯಿಂದ ಶಾಸನಬದ್ಧವಾದ ಟ್ಯಾರಿಫ್ ಅಡ್ವೈಸರಿ ಕಮಿಟಿ, ಅಂದರೆ ‘ಟ್ಯಾಕ್’, ಹೈಡ್ರಂಟುಗಳ ಸಂಖ್ಯೆ ಮತ್ತು ಅಪಾಯದ ವರ್ಗ ನೋಡಿ ಪಂಪಿನ ಗಾತ್ರವನ್ನು ಪಟ್ಟಿಯಲ್ಲೇ ಕೊಡುತ್ತಿತ್ತು. ನಿಮಿಷಕ್ಕೆ 2,280, 2,850, 4,550 ಲೀಟರ್ ಎಂದು ಇಂದಿಗೂ ಅಂಗಡಿಯಲ್ಲಿ ಸಿಗುವ ಪಂಪುಗಳು ಆ ಸಾಲಿನವು. 4,550 ಎಂದರೆ ಹೆಚ್ಚುಕಮ್ಮಿ ಸಾವಿರ ಬ್ರಿಟಿಷ್ ಗ್ಯಾಲನ್. ಅಗ್ನಿ ವಿಮೆಯ ಟ್ಯಾರಿಫ್ 2007ರಲ್ಲಿ ಹೋಯಿತು, ಟ್ಯಾಕ್ ಪುಸ್ತಕದ ರೂಢಿ ಹೋಗಲಿಲ್ಲ. ನೀರಿನ ಹಾದಿಯಲ್ಲಿ ಅತಿ ದೂರದ ಹೈಡ್ರಂಟಿನಲ್ಲಿ 3.5 ಬಾರ್ ಉಳಿಯಬೇಕು ಎಂಬುದೂ ಆ ರೂಢಿಯೇ. 20 ಮಿಲಿಮೀಟರ್ ನಳಿಕೆಯಿಂದ ಆ ಒತ್ತಡಕ್ಕೆ ನಿಮಿಷಕ್ಕೆ 500 ಲೀಟರ್ ಬರುತ್ತದೆ.

ಗೊಂದಲ ಹುಟ್ಟುವುದು ಇಲ್ಲೇ. ನಮ್ಮ ಲೆಕ್ಕದ ಸ್ಪ್ರಿಂಕ್ಲರ್ ಬೇಡಿಕೆಯೂ 4,550, ಪಟ್ಟಿಯ ಪಂಪೂ 4,550. ಆದ್ದರಿಂದ ‘ಒಂದೇ ಪಂಪು ಎರಡಕ್ಕೂ ಸಾಕು’ ಎಂದುಬಿಡುವವರಿದ್ದಾರೆ. ಅಗ್ನಿಶಾಮಕ ಪಂಪು ಫಲಕದ ಒಂದೂವರೆ ಪಟ್ಟು ನೀರು ಕೊಡಬಲ್ಲದು ನಿಜ, ಆದರೆ ಆಗ ಫಲಕದ ಒತ್ತಡದಲ್ಲಿ ಶೇ 65 ಉಳಿದರೂ ನಿಯಮಕ್ಕೆ ಸಾಕು. 7 ಬಾರಿನ ಪಂಪು ಅಲ್ಲಿಗೆ 4.5 ಬಾರಿಗೆ ಇಳಿಯಬಹುದು. ಹೊರಗೆ ಎರಡು ಮೆದುಗೊಳವೆ ಬಿಟ್ಟೊಡನೆ ಒಳಗೆ ಸೂರಿನಡಿಯ ಹನ್ನೆರಡರ ಬಾಯಿ ಒಣಗತೊಡಗುತ್ತದೆ. ಸ್ಪ್ರಿಂಕ್ಲರಿಗೂ ಹೈಡ್ರಂಟಿಗೂ ಬೇರೆ ಬೇರೆ ಪಂಪು, ಇಲ್ಲವೇ ಎರಡರ ಬೇಡಿಕೆ ಕೂಡಿಸಿ ಆರಿಸಿದ ದೊಡ್ಡದು: ದಾರಿ ಇವೆರಡೇ.

ಅಮೆರಿಕದ ಎಂಜಿನಿಯರ್ ಇಲ್ಲಿಗೆ ಬಂದರೆ ಮೊದಲು ಬೀದಿಯ ಹೈಡ್ರಂಟ್ ತಿರುಗಿಸಿ ನಗರದ ಪೈಪಿನ ಉಳಿಕೆ ಒತ್ತಡ ಅಳೆಯಲು ಹೊರಡುತ್ತಾನೆ. ಈ ಹೆದ್ದಾರಿಯಲ್ಲಿ ಅಂಥದೇನೂ ಇಲ್ಲ. ಇಡೀ ನೀರು ಸಂಪಿನಲ್ಲಿರಬೇಕು. ನಮ್ಮ ಮೊದಲ ಗೋದಾಮಿಗೆ 5,500 ಲೀಟರಿನಂತೆ ಒಂದು ಗಂಟೆಗೆ 3,30,000 ಲೀಟರ್, 12,000 ಲೀಟರಿನ ಟ್ಯಾಂಕರಿನಲ್ಲಿ ಇಪ್ಪತ್ತೇಳೂವರೆ ಲೋಡು. ಹೈಡ್ರಂಟಿಗೆ ಬೇರೆ ಪಂಪು ಇಟ್ಟರೆ ಅದರ ಪಾಲಿನ ನೀರೂ ಇದರ ಮೇಲೆ. ಇನ್ನೊಂದು ಸಂಗತಿಯನ್ನು ಬಹಳ ಮಂದಿ ಮರೆಯುತ್ತಾರೆ. ಹೊಸೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ತೆಳು ಗಾಳಿಯಲ್ಲಿ ಡೀಸೆಲ್ ಎಂಜಿನ್ ಸೊರಗುತ್ತದೆ. ಪಂಪುಗಳ ನಿಯಮಾವಳಿಯಂತೆ 91 ಮೀಟರಿನ ಮೇಲೆ ಪ್ರತಿ 300 ಮೀಟರಿಗೆ ಶೇ 3 ಕಳೆಯಬೇಕು, ಅಂದರೆ ಇಲ್ಲಿ ಶೇ 8. ಚೆನ್ನೈಗೆ ಸರಿಹೋದ ಎಂಜಿನ್ ಇಲ್ಲಿಗೂ ಸರಿ ಎಂದು ತಂದಿಟ್ಟರೆ ಕರೆಂಟು ಹೋದ ರಾತ್ರಿ ಅದರ ಕೊರತೆ ಗೊತ್ತಾಗುತ್ತದೆ.

ಈ ಲೆಕ್ಕಕ್ಕೆ ಹೊರಗಿನ ಸರಕೂ ಇದೆ. 2023ರ ಜುಲೈನಲ್ಲಿ ಕೃಷ್ಣಗಿರಿಯಲ್ಲಿ, ಅಕ್ಟೋಬರಿನಲ್ಲಿ ಅತ್ತಿಬೆಲೆಯಲ್ಲಿ ಜೀವ ತೆಗೆದದ್ದು ಪಟಾಕಿ ದಾಸ್ತಾನು. ಸಿಡಿಮದ್ದಿನ ಮುಂದೆ ಹನ್ನೆರಡು ಸ್ಪ್ರಿಂಕ್ಲರಿನ ನಿಯಮಕ್ಕೆ ಅರ್ಥವಿಲ್ಲ. ಅಷ್ಟು ಭಯಂಕರವಲ್ಲದ ಬದಲಾವಣೆಗಳೂ ಲೆಕ್ಕ ಕೆಡಿಸುತ್ತವೆ. ಬಾಡಿಗೆದಾರ ಬದಲಾಗಿ ಬಿಸ್ಕತ್ತಿನ ಪೆಟ್ಟಿಗೆ ಇದ್ದಲ್ಲಿ ಫೋಮ್ ಹಾಸಿಗೆ ಬಂದರೆ, ಅಥವಾ ಸರಕು ಸ್ಪ್ರಿಂಕ್ಲರಿನ ಕೆಳಗೆ ಬಿಡಬೇಕಾದ 90 ಸೆಂಟಿಮೀಟರ್ ಖಾಲಿ ಜಾಗವನ್ನೂ ನುಂಗಿದರೆ, ಪಂಪಿನ ಫಲಕ ಹಳೆಯದೇ ಇರುತ್ತದೆ, ಬೇಡಿಕೆ ಮಾತ್ರ ಬೇರೆಯಾಗಿರುತ್ತದೆ.

ಪೈಪೂ ಮುದಿಯಾಗುತ್ತದೆ. ಹೊಸ ಉಕ್ಕಿನ ಪೈಪಿಗೆ ಹೇಝನ್-ವಿಲಿಯಮ್ಸ್ ಅಂಕ 120. ಬೋರ್‌ವೆಲ್‌ನ ಗಡಸು ನೀರು, ತುಕ್ಕು ಸೇರಿ ಅದು 100ಕ್ಕೆ ಇಳಿದರೆ ಘರ್ಷಣೆಯ ನಷ್ಟ ಶೇ 40 ಏರುತ್ತದೆ. ನಮ್ಮ ಲೆಕ್ಕದಲ್ಲಿ ಅದು 0.9 ಬಾರ್. 7 ಬಾರಿನ ಪಂಪಿಗೆ ಈಗ 7.8 ಬೇಕು.

ಇದನ್ನು ಪಂಪ್ ಹೌಸಿನ ಗೇಜ್ ನೋಡಿ ಕಂಡುಹಿಡಿಯಲಾಗದು. ನೀರು ನಿಂತಿರುವಾಗ ಪೈಪು ಕಟ್ಟಿಕೊಂಡಿದ್ದರೂ, ವಾಲ್ವು ಮುಕ್ಕಾಲು ಮುಚ್ಚಿದ್ದರೂ ಮುಳ್ಳು 7ರಲ್ಲೇ ಇರುತ್ತದೆ, ಏಕೆಂದರೆ ಹರಿಯದ ನೀರಿಗೆ ಘರ್ಷಣೆಯಿಲ್ಲ. ತಿಳಿಯಬೇಕಾದರೆ ರೈಸರಿನ ಬುಡದ ಡ್ರೈನ್ ವಾಲ್ವನ್ನು ಪೂರ್ತಿ ತೆರೆಯಬೇಕು. ತೆರೆಯುವ ಮೊದಲಿನ ಅಂಕಿ, ನೀರು ಧುಮುಕುತ್ತಿರುವಾಗಿನ ಅಂಕಿ, ಎರಡನ್ನೂ ಬರೆದಿಡಬೇಕು. ಮೊದಲನೆಯದು ಹೋದ ವರ್ಷದಷ್ಟೇ ಇದ್ದು ಎರಡನೆಯದು ಕುಸಿದಿದ್ದರೆ ಸಂಪಿನಿಂದ ಅಲ್ಲಿಯ ತನಕದ ಹಾದಿಯಲ್ಲಿ ಏನೋ ಅಡ್ಡ ಕೂತಿದೆ, ಹೆಚ್ಚಿನ ಸಲ ಅರ್ಧ ಮುಚ್ಚಿದ ವಾಲ್ವು. ವಾಲ್ವಿನ ಆಚೆಗಿನ ತುಕ್ಕು ಈ ಪರೀಕ್ಷೆಗೆ ಸಿಗುವುದಿಲ್ಲ. ಅದಕ್ಕೆ ಅತಿ ದೂರದ ಹೈಡ್ರಂಟಿಗೆ ಗೇಜ್ ಕಟ್ಟಿ, ಪಕ್ಕದ್ದನ್ನು ತೆರೆದು ಓದಬೇಕು. ಸೂರಿನಡಿಯ ಕವಲಿಗಾದರೆ ಪೈಪನ್ನೇ ಬಿಚ್ಚಿ ಒಳಗೆ ಕಣ್ಣು ಹಾಯಿಸಬೇಕು.