ಬ್ರೌಸರ್‌ಗೆ ಮಾತ್ರ ಸಿಗದ ಕಚೇರಿಯ ವಿಳಾಸ

ಕಂಪನಿಯ ಲ್ಯಾಪ್‌ಟಾಪ್ ಸರಿಯಾಗಿದೆ, ವೈಫೈ ಸರಿಯಾಗಿದೆ, ಹೊರಗಿನ ಎಲ್ಲ ವೆಬ್‌ಸೈಟ್‌ಗಳೂ ತೆರೆಯುತ್ತಿವೆ. ಸಂಬಳದ ಚೀಟಿ ಇರುವ ಒಳಗಿನ ಪುಟ ಮಾತ್ರ ತೆರೆಯುತ್ತಿಲ್ಲ. ಪಕ್ಕದ ಮೇಜಿನವರ ಕಂಪ್ಯೂಟರ್‌ನಲ್ಲಿ ಅದೇ ಪುಟ ಕ್ಷಣದಲ್ಲಿ ಬರುತ್ತದೆ. ಇಂಥ ದೂರು ಬಂದಾಗ ಐಟಿ ವಿಭಾಗದವರು ಸಾಮಾನ್ಯವಾಗಿ ಸರ್ವರ್ ನೋಡುತ್ತಾರೆ, ಕೇಬಲ್ ನೋಡುತ್ತಾರೆ, ಕೊನೆಗೆ ಲ್ಯಾಪ್‌ಟಾಪ್ ರೀಸ್ಟಾರ್ಟ್ ಮಾಡಿಸುತ್ತಾರೆ. ತೊಂದರೆ ಇರುವುದು ಬ್ರೌಸರಿನ ಒಂದೇ ಒಂದು ಸೆಟ್ಟಿಂಗ್‌ನಲ್ಲಿ.

ವೆಬ್‌ಸೈಟಿನ ಹೆಸರನ್ನು ಐಪಿ ವಿಳಾಸವಾಗಿ ಬದಲಿಸಿಕೊಡುವ ವ್ಯವಸ್ಥೆಯೇ ಡಿಎನ್ಎಸ್. ಹಳೆಯ ಕ್ರಮದಲ್ಲಿ ಬ್ರೌಸರ್ ಈ ಪ್ರಶ್ನೆಯನ್ನು ಆಪರೇಟಿಂಗ್ ಸಿಸ್ಟಂಗೆ ಕೊಡುತ್ತದೆ. ಸಿಸ್ಟಂ ಅದನ್ನು ಕಚೇರಿಯ ಡಿಎನ್ಎಸ್ ಸರ್ವರ್‌ಗೆ 53ನೇ ಪೋರ್ಟ್ ಮೂಲಕ ಕಳಿಸುತ್ತದೆ. ಈ ಪ್ರಶ್ನೆ ಬಿಚ್ಚಿಟ್ಟ ಅಕ್ಷರಗಳಲ್ಲೇ ಹೋಗುವುದರಿಂದ ನಡುವೆ ಇರುವ ಯಾರು ಬೇಕಾದರೂ ಓದಬಹುದು. ಅದನ್ನು ತಡೆಯಲು ಬಂದದ್ದು ಡಿಎನ್ಎಸ್ ಓವರ್ ಎಚ್‌ಟಿಟಿಪಿಎಸ್, ಅಂದರೆ ಡಿಓಎಚ್. 2018ರ ಅಕ್ಟೋಬರ್‌ನಲ್ಲಿ ಇದರ ಮಾನದಂಡ ಪ್ರಕಟವಾಯಿತು. 2020ರ ಫೆಬ್ರವರಿಯಲ್ಲಿ ಫೈರ್‌ಫಾಕ್ಸ್ ಅಮೆರಿಕದ ಬಳಕೆದಾರರಿಗೆ ಇದನ್ನು ತಾನಾಗಿಯೇ ಚಾಲೂ ಮಾಡತೊಡಗಿತು. ಉಳಿದ ಕಡೆಗಳಲ್ಲಿಯೂ ಬೇಕಾದವರು ಸೆಟ್ಟಿಂಗ್ಸ್‌ನಲ್ಲಿ ಆನ್ ಮಾಡಿಕೊಳ್ಳಬಹುದು. ಆಗ ಪ್ರಶ್ನೆ ಗೂಢಲಿಪಿಯಲ್ಲಿ, 443ನೇ ಪೋರ್ಟ್ ಮೂಲಕ, ಕ್ಲೌಡ್‌ಫ್ಲೇರ್‌ನಂಥ ಹೊರಗಿನ ಸೇವೆಗೆ ನೇರವಾಗಿ ಹೋಗುತ್ತದೆ.

ಮನೆಯಲ್ಲಿ, ಕಾಫಿ ಅಂಗಡಿಯ ವೈಫೈನಲ್ಲಿ ಇದು ನಿಜಕ್ಕೂ ಒಳ್ಳೆಯ ರಕ್ಷಣೆ. ಕಚೇರಿಯ ಒಳಗಿನ ಹೆಸರುಗಳ ಮಟ್ಟಿಗೆ ಮಾತ್ರ ಇದೇ ತೊಡಕು. ಆ ಹೆಸರುಗಳು ಗೊತ್ತಿರುವುದು ಕಚೇರಿಯ ಸರ್ವರ್‌ಗೆ ಮಾತ್ರ, ಆದರೆ ಬ್ರೌಸರ್ ಈಗ ಅದನ್ನು ಕೇಳುವುದೇ ಇಲ್ಲ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಕಂಪನಿಯ ಸಂಬಳದ ಪುಟದ ಹೆಸರು `payroll.example.com`, ಅದರ ಒಳಗಿನ ವಿಳಾಸ `10.20.4.15`. ಹೊರಗಿನ ಸೇವೆಗೆ ಈ ಹೆಸರು ಗೊತ್ತಿಲ್ಲದಿದ್ದರೆ ‘ಇಂಥ ಹೆಸರೇ ಇಲ್ಲ’ ಎಂಬ ಉತ್ತರ ಬರುತ್ತದೆ. ಮುಂದೆ ಆಗುವುದು ಸೆಟ್ಟಿಂಗ್‌ನ ಮೇಲೆ ನಿಂತಿದೆ. ಫೈರ್‌ಫಾಕ್ಸ್‌ನಲ್ಲಿ ‘ಇನ್‌ಕ್ರೀಸ್ಡ್ ಪ್ರೊಟೆಕ್ಷನ್’ ಆರಿಸಿದ್ದರೆ ಅದು ಸುಮ್ಮನೆ ಕಚೇರಿಯ ಸರ್ವರನ್ನು ಮತ್ತೊಮ್ಮೆ ಕೇಳುತ್ತದೆ, ಪುಟ ತೆರೆಯುತ್ತದೆ. ‘ಮ್ಯಾಕ್ಸ್ ಪ್ರೊಟೆಕ್ಷನ್’ ಆಗಿದ್ದರೆ ಎಚ್ಚರಿಕೆಯ ಪುಟ ತೋರಿಸಿ ನಿಂತುಬಿಡುತ್ತದೆ. ಒಂದೇ ಕಚೇರಿಯಲ್ಲಿ ಒಬ್ಬರಿಗೆ ಸರಿ, ಇನ್ನೊಬ್ಬರಿಗೆ ತಪ್ಪು ಎನ್ನುವ ಗೊಂದಲಕ್ಕೆ ಇದೇ ಕಾರಣ.

ಇದಕ್ಕಿಂತ ಕಷ್ಟದ್ದು, ಒಂದೇ ಹೆಸರಿಗೆ ಒಳಗೊಂದು ಹೊರಗೊಂದು ಉತ್ತರ ಇರುವ ಸಂದರ್ಭ. ಕಚೇರಿಯೊಳಗೆ `10.20.4.15` ಆಗಿರುವ ಹೆಸರು ಹೊರಗೆ `203.0.113.10` ಎಂಬ ಸಾರ್ವಜನಿಕ ವಿಳಾಸಕ್ಕೆ ಹೋಗುತ್ತದೆ ಎನ್ನಿ. ಹೊರಗಿನ ಸೇವೆ ತಪ್ಪೇನೂ ಹೇಳುವುದಿಲ್ಲ, ತನಗೆ ಗೊತ್ತಿರುವ ಉತ್ತರ ಕೊಡುತ್ತದೆ. ಉತ್ತರ ಸಿಕ್ಕಿದ ಮೇಲೆ ಬ್ರೌಸರ್ ಕಚೇರಿಯ ಸರ್ವರನ್ನು ಮತ್ತೆ ಕೇಳಲು ಕಾರಣವೇ ಇಲ್ಲ. ನೌಕರನಿಗೆ ಗ್ರಾಹಕರ ಪುಟ ಕಾಣಬಹುದು, ‘ಪ್ರವೇಶವಿಲ್ಲ’ ಎಂಬ ಸಂದೇಶ ಬರಬಹುದು, ಇಲ್ಲವೇ ಪುಟ ಸುತ್ತುತ್ತಲೇ ಇರಬಹುದು. ಯಾವ ದೋಷ ಸಂದೇಶದಲ್ಲೂ ಡಿಎನ್ಎಸ್ ಎಂಬ ಸುಳಿವು ಇರುವುದಿಲ್ಲ. ಎರಡೂ ಸಂದರ್ಭಗಳಲ್ಲಿ ಕಂಪನಿಯ ಒಳಗಿನ ಹೆಸರು ಹೊರಗಿನ ಸೇವೆಗೆ ತಿಳಿದುಹೋಗಿರುತ್ತದೆ ಎಂಬುದೂ ಗಮನಿಸಬೇಕಾದ ಮಾತು.

ಪತ್ತೆ ಮಾಡುವುದು ಕಷ್ಟವಲ್ಲ. ಕಮಾಂಡ್ ಪ್ರಾಂಪ್ಟ್ ತೆರೆದು ಹೀಗೆ ಕೇಳಬೇಕು:

```
nslookup payroll.example.com
```

ಈ ಆಜ್ಞೆ ಬ್ರೌಸರನ್ನು ಬಳಸುವುದಿಲ್ಲ. ಕಂಪ್ಯೂಟರ್‌ಗೆ ಹೊಂದಿಸಿಕೊಟ್ಟಿರುವ ಡಿಎನ್ಎಸ್ ಸರ್ವರನ್ನೇ ಕೇಳುತ್ತದೆ. ಇಲ್ಲಿ `10.20.4.15` ಬಂದು, ಬ್ರೌಸರ್ ಮಾತ್ರ ಸೋತರೆ ಡಿಓಎಚ್ ಮೇಲೆ ಅನುಮಾನಪಡಬಹುದು. ಫೈರ್‌ಫಾಕ್ಸ್‌ನಲ್ಲಿ `about:networking#dns` ಪುಟ ತೆರೆದು, ಆ ಹೆಸರಿನ ಸಾಲಿನಲ್ಲಿ `TRR` ಎಂಬ ಕಾಲಂ ಕೆಳಗೆ `true` ಎಂದಿದ್ದರೆ ಅನುಮಾನ ಖಚಿತ.

ಪರಿಹಾರದಲ್ಲಿ ಹಲವು ಕಚೇರಿಗಳು ಎಡವುತ್ತವೆ. `use-application-dns.net` ಎಂಬ ಹೆಸರಿಗೆ ಕಚೇರಿಯ ಸರ್ವರ್ ‘ಇಲ್ಲ’ ಎಂದರೆ ಫೈರ್‌ಫಾಕ್ಸ್ ಡಿಓಎಚ್ ಬಿಟ್ಟುಕೊಡುತ್ತದೆ ಎಂದು ಓದಿ, ಅಷ್ಟು ಮಾಡಿ ಕೈತೊಳೆದುಕೊಳ್ಳುತ್ತಾರೆ. ಆ ಸನ್ನೆ ನಡೆಯುವುದು ಡಿಓಎಚ್ ತಾನಾಗಿ ಚಾಲೂ ಆಗಿದ್ದಾಗ ಮಾತ್ರ. ಬಳಕೆದಾರ ತಾನೇ ಆನ್ ಮಾಡಿದ್ದರೆ ಫೈರ್‌ಫಾಕ್ಸ್ ಅದಕ್ಕೆ ಕಿವಿಗೊಡುವುದಿಲ್ಲ. ಮನೆಯಲ್ಲಿ ಆನ್ ಮಾಡಿದ ಲ್ಯಾಪ್‌ಟಾಪ್ ಮರುದಿನ ಕಚೇರಿಗೆ ಬಂದಾಗ ಆಗುವುದು ಇದೇ.

ಕಂಪನಿಯ ಯಂತ್ರಗಳಿಗೆ ಖಚಿತವಾದ ದಾರಿ ಬ್ರೌಸರ್ ಪಾಲಿಸಿ. ಫೈರ್‌ಫಾಕ್ಸ್‌ನ `policies.json` ಕಡತದಲ್ಲಿ ಕಂಪನಿಯ ಡೊಮೇನನ್ನು ಹೊರತುಪಡಿಸಬಹುದು:

```json
{
  "policies": {
    "DNSOverHTTPS": {
      "ExcludedDomains": ["example.com"]
    }
  }
}
```

ಇದರಿಂದ ಕಂಪನಿಯ ಹೆಸರುಗಳು ಕಚೇರಿಯ ಸರ್ವರ್‌ಗೆ ಹೋಗುತ್ತವೆ, ಉಳಿದ ಪ್ರಶ್ನೆಗಳ ಗೌಪ್ಯತೆ ಹಾಗೇ ಉಳಿಯುತ್ತದೆ. ಕ್ರೋಮ್‌ನಲ್ಲಿ `DnsOverHttpsMode` ಎಂಬ ಪಾಲಿಸಿಯನ್ನು `off` ಮಾಡಿ ಡಿಓಎಚ್ ನಿಲ್ಲಿಸಬಹುದು. ಸ್ವಂತ ಲ್ಯಾಪ್‌ಟಾಪ್ ತರುವ ನೌಕರರು ಫೈರ್‌ಫಾಕ್ಸ್ ಸೆಟ್ಟಿಂಗ್ಸ್‌ನ ಡಿಎನ್ಎಸ್ ವಿಭಾಗದಲ್ಲಿರುವ ವಿನಾಯಿತಿ ಪಟ್ಟಿಗೆ ಕಂಪನಿಯ ಡೊಮೇನನ್ನು ತಾವೇ ಸೇರಿಸಿಕೊಳ್ಳಬಹುದು. ‘ಡಿಓಎಚ್ ಪೂರ್ತಿ ಆಫ್ ಮಾಡಿ’ ಎಂದು ಸುತ್ತೋಲೆ ಕಳಿಸುವ ಬದಲು ಆ ಒಂದು ಡೊಮೇನಿನ ಹೆಸರನ್ನು ನೌಕರರಿಗೆ ತಿಳಿಸಿ.