ಶಿಡ್ಲಘಟ್ಟದ ಗೂಡು, ಒಂದು ಪುಟದ ಸೂತ್ರ

‘ಮಾದರಿ ಗಾತ್ರದ ಸೂತ್ರಗಳು ಪರೀಕ್ಷೆಯ ಹಿಂದಿನ ರಾತ್ರಿ ತಲೆಯಲ್ಲಿ ನಿಲ್ಲುವುದಿಲ್ಲ. ಸರಾಸರಿಗೊಂದು, ಶೇಕಡಾವಾರಿಗೊಂದು, ಅದರ ಮೇಲೆ ತಿದ್ದುಪಡಿಗಳು. ಒಂದೇ ಪುಟದಲ್ಲಿ ಬರೆದುಕೊಡಿ’ ಎಂದು ಚಿಂತಾಮಣಿಯ ಓದುಗರೊಬ್ಬರು ಕೇಳಿದ್ದಾರೆ. ಸೂತ್ರಗಳಿಗೆ ಅರ್ಧ ಪುಟವೂ ಬೇಕಿಲ್ಲ.

```
ಸರಾಸರಿ            n = (Z × σ / d)²
ಪ್ರಮಾಣ            n = Z² × p × (1 − p) / d²
ಸಮೂಹ ಚಿಕ್ಕದಿದ್ದರೆ    n / (1 + (n − 1) / N)
ಗುಂಪಾಗಿ ಆಯ್ದರೆ      n × D
ಸಿಗದವರಿದ್ದರೆ        n / (1 − r)
Z = 1.645 (90%)   1.96 (95%)   2.576 (99%)
```

ಇಲ್ಲಿ n ಎಂದರೆ ಎಷ್ಟು ಮಂದಿಯನ್ನು ಅಥವಾ ಎಷ್ಟು ವಸ್ತುಗಳನ್ನು ನೋಡಬೇಕು ಎಂಬ ಸಂಖ್ಯೆ. σ ಎಂಬುದು ಮಾನಕ ವಿಚಲನೆ, d ಎಂಬುದು ನಾವು ಸಹಿಸಿಕೊಳ್ಳುವ ದೋಷ, p ಎಂಬುದು ನಿರೀಕ್ಷಿತ ಪ್ರಮಾಣ, N ಎಂಬುದು ಇಡೀ ಸಮೂಹದ ಗಾತ್ರ. ಬಾಯಿಪಾಠ ಮಾಡುವುದು ಇಷ್ಟೇ. ಅಂಕ ಹೋಗುವುದು ಸೂತ್ರ ಮರೆತಾಗ ಅಲ್ಲ, σ ಎಲ್ಲಿಂದ ಬಂತು, d ಯಾವ ಅಳತೆಯಲ್ಲಿದೆ ಎಂದು ಹೇಳಲಾಗದಾಗ. ಪುಟದ ಉಳಿದ ಭಾಗವನ್ನು ಅದಕ್ಕೇ ಮೀಸಲಿಡಿ.

ಉದಾಹರಣೆಗೆ ದೂರ ಹೋಗಬೇಕಿಲ್ಲ. ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆಗೆ ರೈತರೊಬ್ಬರು 50 ಕಿಲೋ ಗೂಡಿನ ಒಂದು ಲಾಟು ತಂದಿದ್ದಾರೆ ಎನ್ನಿ. ಕಿಲೋಗೆ ಸುಮಾರು 600 ಗೂಡು ಹಿಡಿದರೂ ಅಲ್ಲಿ 30,000 ಗೂಡುಗಳಿವೆ. ನೂಲು ಬಿಚ್ಚುವವರಿಗೆ ಎರಡು ವಿಷಯ ತಿಳಿಯಬೇಕು. ಒಂದು ಗೂಡು ಸರಾಸರಿ ಎಷ್ಟು ತೂಗುತ್ತದೆ? ನೂರಕ್ಕೆ ಎಷ್ಟು ಗೂಡು ಕೆಟ್ಟದ್ದು, ಅಂದರೆ ಎರಡು ಹುಳು ಸೇರಿ ಕಟ್ಟಿದ್ದು, ಕಲೆ ಬಿದ್ದದ್ದು, ಊಜಿ ನೊಣದ ಮರಿ ತೂತು ಮಾಡಿ ಹೊರಬಂದದ್ದು? ಮೊದಲನೆಯದು ಸರಾಸರಿಯ ಪ್ರಶ್ನೆ, ಎರಡನೆಯದು ಪ್ರಮಾಣದ ಪ್ರಶ್ನೆ.

ತೂಕದಿಂದ ಶುರು ಮಾಡೋಣ. ಗೂಡಿನಿಂದ ಗೂಡಿಗೆ ತೂಕ ಏರಿಳಿಯುತ್ತದೆ. ಹೆಣ್ಣು ಕೋಶವಿರುವ ಗೂಡು ಗಂಡಿನದಕ್ಕಿಂತ ಭಾರ. ಎರಡೂ ಒಂದೇ ಲಾಟಿನಲ್ಲಿ ಬೆರೆತಿರುವುದರಿಂದಲೇ ಏರಿಳಿತ ಒಂದಿಷ್ಟು ಹೆಚ್ಚುತ್ತದೆ. ಈ ಏರಿಳಿತದ ಅಳತೆಯೇ σ. ಲೆಕ್ಕಕ್ಕೆಂದು ಅದನ್ನು 0.25 ಗ್ರಾಂ ಎಂದು ಹಿಡಿಯೋಣ. n ಗೂಡುಗಳ ಸರಾಸರಿ ತೆಗೆದರೆ ಆ ಸರಾಸರಿಯ ಏರಿಳಿತ σ ಅಷ್ಟಿರುವುದಿಲ್ಲ, σ ಅನ್ನು n ನ ವರ್ಗಮೂಲದಿಂದ ಭಾಗಿಸಿದಷ್ಟಕ್ಕೆ ಇಳಿಯುತ್ತದೆ. ಅದರ 1.96 ಪಟ್ಟು ನಮ್ಮ d ಮೀರಬಾರದು ಎಂದು ಬರೆದು, n ಅನ್ನು ಒಂದು ಕಡೆಗೆ ತಂದರೆ ಸೂತ್ರ ತಾನಾಗಿ ಬರುತ್ತದೆ. ಮರೆತುಹೋದರೆ ಪರೀಕ್ಷಾ ಕೊಠಡಿಯಲ್ಲೇ ಎರಡು ಸಾಲಿನಲ್ಲಿ ಮತ್ತೆ ಕಟ್ಟಿಕೊಳ್ಳಬಹುದು.

ಸರಾಸರಿ 0.05 ಗ್ರಾಂ ಆಚೀಚೆ ಇದ್ದರೆ ಸಾಕು ಎಂದಾದರೆ 1.96 × 0.25 / 0.05 = 9.8, ಅದರ ವರ್ಗ 96.04. ಉತ್ತರ 97 ಗೂಡು. 96 ಎಂದು ಬರೆಯಬೇಡಿ. ಮಾದರಿ ಗಾತ್ರದಲ್ಲಿ ದಶಾಂಶ ಎಷ್ಟೇ ಚಿಕ್ಕದಿರಲಿ, ಮೇಲಕ್ಕೇ ಏರಿಸಬೇಕು. ದೋಷವನ್ನು ಅರ್ಧಕ್ಕೆ, 0.025 ಗ್ರಾಂಗೆ ಇಳಿಸಿದರೆ 19.6ರ ವರ್ಗ 384.16, ಅಂದರೆ 385 ಗೂಡು. ನಿಖರತೆ ಎರಡರಷ್ಟಾದರೆ ದುಡಿಮೆ ನಾಲ್ಕರಷ್ಟು.

ಈಗ ಕೆಟ್ಟ ಗೂಡಿನ ಲೆಕ್ಕ. ಕೆಟ್ಟದ್ದಕ್ಕೆ 1, ಒಳ್ಳೆಯದಕ್ಕೆ 0 ಎಂದು ಬರೆಯುತ್ತಾ ಹೋಗಿ, ಕೊನೆಗೆ ಸರಾಸರಿ ತೆಗೆಯಿರಿ. ನೂರು ಗೂಡಿನಲ್ಲಿ ಹತ್ತು ಕೆಟ್ಟಿದ್ದರೆ ಸರಾಸರಿ 0.10. ಅದೇ ಪ್ರಮಾಣ. 0 ಮತ್ತು 1 ಮಾತ್ರ ಇರುವ ಇಂಥ ಪಟ್ಟಿಯ ಮಾನಕ ವಿಚಲನೆಯ ವರ್ಗ p × (1 − p) ಆಗುತ್ತದೆ. ಸರಾಸರಿಯ ಸೂತ್ರದಲ್ಲಿ σ² ಇದ್ದ ಜಾಗಕ್ಕೆ ಅದನ್ನು ಇಟ್ಟರೆ ಪ್ರಮಾಣದ ಸೂತ್ರ ಬಂತು. ಪಠ್ಯಪುಸ್ತಕಗಳು ಬೇರೆ ಬೇರೆ ಶೀರ್ಷಿಕೆಯಡಿ ಕೊಡುವ ಈ ಎರಡೂ ಒಂದೇ ಸೂತ್ರ. ಇದನ್ನು ತರಗತಿಯಲ್ಲಿ ಮೊದಲ ದಿನವೇ ಹೇಳಿಬಿಟ್ಟರೆ ಎಷ್ಟೋ ಮಕ್ಕಳ ಭಯ ಹೋಗುತ್ತದೆ ಎಂದು ನನ್ನ ನಂಬಿಕೆ.

p × (1 − p) ಅತಿ ಹೆಚ್ಚಾಗುವುದು p ಅರ್ಧ ಇದ್ದಾಗ. ಹಾಗಾಗಿ p ಏನೆಂದು ಸುಳಿವೇ ಇಲ್ಲದಿದ್ದರೆ 0.5 ಹಾಕುತ್ತಾರೆ. d ಅನ್ನು 0.05 ಎಂದಿಟ್ಟರೆ ಮತ್ತೆ ಅದೇ 384.16. ಪ್ರಾಜೆಕ್ಟ್ ವರದಿಗಳಲ್ಲಿ ಪದೇ ಪದೇ ಕಾಣುವ 384 ಅಥವಾ 385 ಎಂಬ ಸಂಖ್ಯೆಯ ಮೂಲ ಇದು. ಅದರಲ್ಲಿ ಯಾವ ಮಂತ್ರವೂ ಇಲ್ಲ, ‘ನಮಗೆ p ಗೊತ್ತಿಲ್ಲ, ಶೇ 5 ಅಂಶದ ದೋಷ ಸಾಕು’ ಎಂಬ ಎರಡು ತೀರ್ಮಾನಗಳಷ್ಟೇ ಇವೆ.

ಎರಡನೆಯ ತೀರ್ಮಾನ ಎಲ್ಲ ಕಡೆಗೂ ಒಪ್ಪುವುದಿಲ್ಲ. ಕೆಟ್ಟ ಗೂಡು ಶೇ 4 ಇರಬಹುದು ಎಂದು ಅಂದಾಜಿದೆ ಎನ್ನಿ. d ಅನ್ನು 0.05 ಎಂದೇ ಇಟ್ಟರೆ ಸೂತ್ರ 60 ಗೂಡು ಸಾಕು ಎನ್ನುತ್ತದೆ. ಆದರೆ 4ರಿಂದ 5 ಕಳೆದರೆ ಸೊನ್ನೆಗಿಂತ ಕೆಳಗೆ! ಕೆಟ್ಟ ಗೂಡು ಶೇ −1ರಿಂದ 9ರವರೆಗೆ ಇದೆ ಎಂಬ ಉತ್ತರದಿಂದ ಯಾರಿಗೂ ಉಪಯೋಗವಿಲ್ಲ. 60 ಗೂಡಿನಲ್ಲಿ ಸಿಗುವ ಕೆಟ್ಟವು ಎರಡೋ ಮೂರೋ. ಅಷ್ಟು ಕಡಿಮೆ ಎಣಿಕೆಯಲ್ಲಿ 1.96 ಎಂಬ ಗುಣಕದ ಹಿಂದಿರುವ ಗಂಟೆಯಾಕಾರದ ವಕ್ರರೇಖೆಯ ಊಹೆಯೂ ನಿಲ್ಲದು. d ಅನ್ನು 0.01ಕ್ಕೆ ಇಳಿಸಿದರೆ 1,476 ಗೂಡು ಬೇಕಾಗುತ್ತದೆ. ಅಪರೂಪದ್ದನ್ನು ಎಣಿಸುವುದು ದುಬಾರಿ ಕೆಲಸ.

ನಮ್ಮ ನರ್ಸಿಂಗ್ ಮತ್ತು ವೈದ್ಯಕೀಯ ವಿದ್ಯಾರ್ಥಿಗಳು ಹೆಚ್ಚಾಗಿ ಬಳಸುವುದು ಇದರ ಇನ್ನೊಂದು ರೂಪವನ್ನು: n = 4pq/L². 1.96ರ ವರ್ಗ 3.84, ಅದನ್ನು 4 ಎಂದು ಮಾಡಿಕೊಂಡಿದ್ದಾರೆ. p, q, L ಮೂರನ್ನೂ ಶೇಕಡಾದಲ್ಲಿ ಬರೆಯುತ್ತಾರೆ, q ಎಂದರೆ 100ರಿಂದ p ಕಳೆದದ್ದು. ತೊಂದರೆ L ನಲ್ಲಿದೆ. ಕೆಲವರು L ಅನ್ನು ನೇರ ಅಂಶಗಳಲ್ಲಿ ಹೇಳುತ್ತಾರೆ, ಕೆಲವರು ‘p ಯ ಶೇ 20’ ಎನ್ನುತ್ತಾರೆ. p ಶೇ 10 ಇದ್ದಾಗ L = 5 ಎಂದರೆ ಉತ್ತರ 144. L ಎಂದರೆ p ಯ ಶೇ 20, ಅಂದರೆ 2 ಎಂದಾದರೆ ಉತ್ತರ 900. ಒಂದೇ ಸೂತ್ರ, ಒಂದೇ p, ಆದರೂ ಆರು ಪಟ್ಟಿಗಿಂತ ಹೆಚ್ಚಿನ ವ್ಯತ್ಯಾಸ. ಪ್ರಶ್ನೆಪತ್ರಿಕೆಯಲ್ಲಿ ‘ಸಾಪೇಕ್ಷ ದೋಷ’ ಎಂದಿದೆಯೇ ಎಂದು ಮೊದಲು ನೋಡಿ. ಏನೂ ಹೇಳಿಲ್ಲದಿದ್ದರೆ ನೀವು ಯಾವುದನ್ನು ಹಿಡಿದಿದ್ದೀರಿ ಎಂದು ಒಂದು ಸಾಲು ಬರೆದು ಮುಂದುವರಿಯಿರಿ.

ಇನ್ನು σ ಎಲ್ಲಿಂದ ತರುವುದು ಎಂಬ ಪ್ರಶ್ನೆ. ಅಳೆಯುವ ಮೊದಲೇ ಏರಿಳಿತ ಗೊತ್ತಿರಬೇಕು ಎನ್ನುವುದು ವಿಚಿತ್ರವಾಗಿ ಕಾಣುತ್ತದೆ. ಇದಕ್ಕೆ ದಾರಿ ತೋರಿಸಿದವರಲ್ಲಿ ಪ್ರಶಾಂತಚಂದ್ರ ಮಹಲನೋಬಿಸ್ ಮುಖ್ಯರು. ಕಲ್ಕತ್ತೆಯಲ್ಲಿ 1931ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಕಟ್ಟಿದ ಅವರು 1937ರಲ್ಲಿ ಬಂಗಾಳದ ಸೆಣಬಿನ ಬೆಳೆಯ ಮಾದರಿ ಸಮೀಕ್ಷೆಗೆ ಕೈಹಾಕಿದರು. ಇಡೀ ಪ್ರಾಂತ್ಯಕ್ಕೆ ಒಮ್ಮೆಲೇ ನುಗ್ಗಲಿಲ್ಲ. ಸಣ್ಣ ಪ್ರದೇಶದಲ್ಲಿ ಮೊದಲು ಅಳೆದು, ಹೊಲದಿಂದ ಹೊಲಕ್ಕೆ ಏರಿಳಿತ ಎಷ್ಟು, ಒಂದು ತುಂಡು ಅಳೆಯಲು ಖರ್ಚೆಷ್ಟು ಎಂದು ತಿಳಿದುಕೊಂಡು, ಆಮೇಲೆ ವರ್ಷದಿಂದ ವರ್ಷಕ್ಕೆ ಹಿಗ್ಗಿಸಿದರು. ಈಗ ಎಲ್ಲರೂ ಪೈಲಟ್ ಸಮೀಕ್ಷೆ ಎನ್ನುವುದು ಇದನ್ನೇ. ಮಹಲನೋಬಿಸರ ವಿಧಾನದಲ್ಲಿ ನನಗೆ ಮೆಚ್ಚುಗೆಯಾಗುವುದು ಖರ್ಚನ್ನೂ ಲೆಕ್ಕದೊಳಗೆ ತಂದದ್ದು. ನಮ್ಮ ಸೂತ್ರದಲ್ಲಿ ಖರ್ಚಿಗೆ ಜಾಗವೇ ಇಲ್ಲ.

ಪೈಲಟ್ ಎಷ್ಟು ದೊಡ್ಡದಿರಬೇಕು? ಹತ್ತೇ ಗೂಡು ತೂಗಿ σ = 0.25 ಎಂದು ಬಂದಿದೆ ಎನ್ನಿ. ಹತ್ತರಿಂದ ಬಂದ ಆ 0.25 ತಾನೇ ಅಲುಗಾಡುವ ಸಂಖ್ಯೆ. ಶೇ 95ರ ವಿಶ್ವಾಸದಲ್ಲಿ ನಿಜವಾದ σ 0.17ರಿಂದ 0.46ರವರೆಗೆ ಎಲ್ಲಿ ಬೇಕಾದರೂ ಇರಬಹುದು. ಸೂತ್ರಕ್ಕೆ ಹಾಕಿದರೆ n 46ರ ಆಸುಪಾಸಿನಿಂದ 320ರ ಆಸುಪಾಸಿನವರೆಗೆ ಹರಡಿಕೊಳ್ಳುತ್ತದೆ. 97 ಎಂಬ ಅಚ್ಚುಕಟ್ಟಾದ ಉತ್ತರ ಈ ಹರವಿನ ನಡುವೆ ಎಲ್ಲೋ ಕೂತಿದೆ. 30 ಗೂಡು ತೂಗಿದರೆ σ ನ ಮೇಲ್ಮಿತಿ 0.34ರ ಹತ್ತಿರಕ್ಕೆ ಇಳಿಯುತ್ತದೆ. ಆದ್ದರಿಂದ ಪೈಲಟ್ ಕನಿಷ್ಠ 30 ಇರಲಿ. ಬಂದ σ ಅನ್ನು ಕೆಳಕ್ಕೆ ತಳ್ಳುವ ಆಸೆ ಬೇಡ.

ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಹಿಸುಕಿದರೆ ಸಾಕು. ಮನೆಯ ಪಾತ್ರೆಯಾದರೂ ಅಷ್ಟೇ, ಮದುವೆ ಮನೆಯ ಹಂಡೆಯಾದರೂ ಅಷ್ಟೇ. ಪಾತ್ರೆ ದೊಡ್ಡದಾದಂತೆ ಹೆಚ್ಚು ಅಗುಳು ಬೇಕು ಎಂದು ಯಾರೂ ಹೇಳುವುದಿಲ್ಲ. ಮೊದಲೆರಡು ಸೂತ್ರಗಳಲ್ಲಿ N ಇಲ್ಲದಿರುವುದು ಅದಕ್ಕೇ. 30,000 ಗೂಡಿನ ಲಾಟಿಗೆ ಮೂರನೆಯ ಸಾಲಿನ ತಿದ್ದುಪಡಿ ಹಾಕಿದರೆ 384.16 ಇಳಿಯುವುದು 380ಕ್ಕೆ, ಅಷ್ಟೇ. 2011ರ ಜನಗಣತಿಯಂತೆ ಸುಮಾರು 12.55 ಲಕ್ಷ ಜನರಿರುವ ಇಡೀ ಚಿಕ್ಕಬಳ್ಳಾಪುರ ಜಿಲ್ಲೆಗೆ ಆ ತಿದ್ದುಪಡಿ ಏನನ್ನೂ ಬದಲಿಸದು. ಸಮೂಹ 1,000 ಇದ್ದರೆ ಮಾತ್ರ 278ಕ್ಕೆ ಇಳಿದು ಶ್ರಮ ಉಳಿಯುತ್ತದೆ.

ಆದರೆ ಒಂದು ಅಗುಳು ಸಾಕಾಗುವುದು ಅನ್ನ ಎಲ್ಲ ಕಡೆ ಒಂದೇ ಸಮ ಬೆಂದಿದ್ದರೆ. ಗೂಡು ಹಾಗಲ್ಲ. ಚಂದ್ರಿಕೆಯಲ್ಲಿ ಒಂದು ಹುಳು ಸತ್ತು ಕರಗಿದರೆ ಅದರ ರಸ ಪಕ್ಕದ ಗೂಡುಗಳಿಗೂ ತಾಗುತ್ತದೆ, ಕಲೆಯ ಗೂಡುಗಳು ಗುಂಪಾಗಿ ಸಿಗುತ್ತವೆ. ಒಂದೇ ಮೂಲೆಯಿಂದ ಬೊಗಸೆ ತುಂಬ ತೆಗೆದರೆ 40 ಗೂಡು ನೋಡಿದಂತಾದರೂ ಸಿಗುವ ಸುದ್ದಿ ಹತ್ತಿಪ್ಪತ್ತು ಗೂಡಿನಷ್ಟೇ ಇರಬಹುದು. ಈ ನಷ್ಟವನ್ನು ತುಂಬುವುದು D, ವಿನ್ಯಾಸ ಪರಿಣಾಮ. ಊರುಗಳನ್ನು ಆರಿಸಿ ಆ ಊರಿನ ಮನೆಗಳಿಗೆ ಹೋಗುವ ಆರೋಗ್ಯ ಸಮೀಕ್ಷೆಗಳಲ್ಲೂ ಇದೇ ಕತೆ. ಒಂದೇ ಕೊಳವೆಬಾವಿಯ ನೀರು ಕುಡಿಯುವ ಮಕ್ಕಳ ಹಲ್ಲಿನ ಫ್ಲೋರೋಸಿಸ್ ಒಂದೇ ತೆರನಾಗಿರುತ್ತದೆ. D ಅನ್ನು 2 ಎಂದಿಟ್ಟರೆ 385 ಎಂಬುದು 770 ಆಗುತ್ತದೆ. ಹಿಂದಿನ ಸಮೀಕ್ಷೆಯಿಂದ ನಿಜವಾದ D ಸಿಕ್ಕರೆ ಅದನ್ನೇ ಬಳಸಿ.

ಉತ್ತರ ಕೊಡದವರ ಪ್ರಮಾಣವೇ r. ಅದರ ಲೆಕ್ಕದಲ್ಲಿ ಒಂದು ಸಾಮಾನ್ಯ ತಪ್ಪಿದೆ. ಶೇ 10 ಜನ ಸಿಗುವುದಿಲ್ಲ ಎಂದು 385ಕ್ಕೆ ಅದರ ಹತ್ತನೇ ಒಂದು ಭಾಗ ಸೇರಿಸಿ 424 ಎನ್ನುತ್ತಾರೆ. 424ರಲ್ಲಿ ಶೇ 10 ಬಿಟ್ಟುಹೋದರೆ ಉಳಿಯುವುದು 381, ನಾಲ್ಕು ಕಡಿಮೆ. 0.9ರಿಂದ ಭಾಗಿಸಿ 428 ಎಂದು ಬರೆಯಬೇಕು.

ಕೊನೆಯದಾಗಿ, ಪರೀಕ್ಷೆಯಲ್ಲಿ ಬರದಿದ್ದರೂ ಪ್ರಾಜೆಕ್ಟಿನಲ್ಲಿ ಬಂದೇ ಬರುವ ವಿಷಯ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಈ ನಾಲ್ಕು ತಾಲ್ಲೂಕಿಗೆ ಒಟ್ಟಾರೆ ಒಂದು ಉತ್ತರ ಬೇಕಿದ್ದರೆ 385 ಸಾಕು. ಅದನ್ನೇ ನಾಲ್ಕು ಪಾಲು ಮಾಡಿದರೆ ತಾಲ್ಲೂಕಿಗೆ 96 ಜನ, ದೋಷ ಶೇ 5 ಅಂಶದಿಂದ 10 ಅಂಶಕ್ಕೆ ಏರುತ್ತದೆ. ಪ್ರತಿ ತಾಲ್ಲೂಕಿಗೂ ಅದೇ ನಿಖರತೆ ಬೇಕೆಂದರೆ ಪ್ರತಿಯೊಂದಕ್ಕೂ 385, ಒಟ್ಟು 1,540. ಗೌರಿಬಿದನೂರಿಗಿಂತ ಚಿಂತಾಮಣಿಯಲ್ಲಿ ಶೇ 6 ಹೆಚ್ಚು ಎಂದು ಸಾರುವ ವರದಿ ನಿಮ್ಮ ಕೈಗೆ ಬಂದರೆ, ಒಟ್ಟು ಮಾದರಿ ಎಷ್ಟೆಂದು ಕೇಳಿ ಸುಮ್ಮನಾಗಬೇಡಿ. ಒಂದೊಂದು ತಾಲ್ಲೂಕಿನಲ್ಲಿ ಎಷ್ಟು ಜನರನ್ನು ನೋಡಿದ್ದೀರಿ ಎಂದು ಕೇಳಿ.