ಅಂದಾಜು ಒಂದೇ ಕಡೆ ವಾಲಿದಾಗ

ಮೊಸರು ಸಗಟಾಗಿ ಮಾರುವ ಒಂದು ಏಜೆನ್ಸಿ ಇದೆ ಎಂದುಕೊಳ್ಳೋಣ. ದಾವಣಗೆರೆಯಂಥ ಊರು, ಜನವರಿಯ ಕೊನೆ. ಹಿಂದಿನ ಮೂರು ತಿಂಗಳ ಸರಾಸರಿ ನೋಡಿ, ವಾರಕ್ಕೆ 200 ಕ್ರೇಟ್ ಖರ್ಚಾಗುತ್ತದೆ ಎಂದು ಏಜೆನ್ಸಿ ಅಂದಾಜು ಮಾಡಿದೆ. ಇಂಡೆಂಟ್ ಹಾಕುವುದು ಅದರ ಮೇಲೆಯೇ. ಹೆಚ್ಚುಕಡಿಮೆಯಾದರೆ ಇರಲಿ ಎಂದು ಇನ್ನೂ 20 ಕ್ರೇಟ್ ತರಿಸಿ ಕೋಲ್ಡ್ ರೂಮಿನಲ್ಲಿ ಇಟ್ಟುಕೊಳ್ಳುತ್ತದೆ. ಮುಂದಿನ ಎಂಟು ವಾರಗಳಲ್ಲಿ ಖರ್ಚಾದದ್ದು ಹೀಗೆ: 206, 192, 205, 193, 210, 212, 208, 216.

ಈ ಅಂದಾಜು ಚೆನ್ನಾಗಿದೆಯೇ? ಹೆಚ್ಚೋ ಕಡಿಮೆಯೋ ಎಂದು ನೋಡದೆ ಪ್ರತಿ ವಾರದ ತಪ್ಪನ್ನು ಕೂಡಿ ಎಂಟರಿಂದ ಭಾಗಿಸಿದರೆ ಸರಾಸರಿ 9 ಕ್ರೇಟ್ ಬರುತ್ತದೆ. ಇನ್ನೂರಕ್ಕೆ ಒಂಬತ್ತು ಅಂದರೆ ಶೇಕಡಾ ನಾಲ್ಕೂವರೆ. ದಿನಬಳಕೆಯ ವಸ್ತುವಿಗೆ ಇಷ್ಟು ಸಣ್ಣ ತಪ್ಪು ಇದ್ದರೆ ಯಾವ ಮ್ಯಾನೇಜರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ಕೊನೆಯ ನಾಲ್ಕು ವಾರಗಳನ್ನು ಮತ್ತೊಮ್ಮೆ ನೋಡಿ. ನಾಲ್ಕರಲ್ಲೂ ಬೇಡಿಕೆ ಅಂದಾಜನ್ನು ಮೀರಿದೆ. ಮೊದಲ ನಾಲ್ಕು ವಾರಗಳಲ್ಲಿ ತಪ್ಪು ಒಮ್ಮೆ ಆಚೆ, ಒಮ್ಮೆ ಈಚೆ ಇತ್ತು. ಆಮೇಲೆ ಒಂದೇ ಕಡೆಗೆ ವಾಲಿತು. ತಪ್ಪಿನ ಗಾತ್ರವನ್ನಷ್ಟೇ ಅಳೆಯುವ ಸರಾಸರಿಗೆ ಈ ವಾಲಿಕೆ ಕಾಣುವುದಿಲ್ಲ. ಅದನ್ನು ಹಿಡಿಯಲೆಂದೇ ಇರುವ ಲೆಕ್ಕವನ್ನು ದಾಸ್ತಾನು ನೋಡಿಕೊಳ್ಳುವವರು ಟ್ರ್ಯಾಕಿಂಗ್ ಸಿಗ್ನಲ್ ಎನ್ನುತ್ತಾರೆ.

ಲೆಕ್ಕ ಸುಲಭ. ಪ್ರತಿ ವಾರ ನಿಜವಾದ ಬೇಡಿಕೆಯಿಂದ ಅಂದಾಜನ್ನು ಕಳೆಯಿರಿ. ಬೇಡಿಕೆ ಹೆಚ್ಚಿದ್ದರೆ ಉತ್ತರ ಧನ, ಕಡಿಮೆಯಿದ್ದರೆ ಋಣ. ಈ ವ್ಯತ್ಯಾಸಗಳನ್ನು ಚಿಹ್ನೆಯ ಸಮೇತ ವಾರದಿಂದ ವಾರಕ್ಕೆ ಕೂಡುತ್ತಾ ಹೋಗಿ. ಬಂದ ಮೊತ್ತವನ್ನು, ಚಿಹ್ನೆ ಬಿಟ್ಟು ತೆಗೆದ ಸರಾಸರಿ ತಪ್ಪಿನಿಂದ ಭಾಗಿಸಿ. ಅಷ್ಟೇ. ಅಂದಾಜು ನೇರವಾಗಿದ್ದರೆ ಧನವೂ ಋಣವೂ ಒಂದನ್ನೊಂದು ತಿಂದುಹಾಕಿ ಮೊತ್ತ ಸೊನ್ನೆಯ ಆಸುಪಾಸಿನಲ್ಲೇ ಇರುತ್ತದೆ. ವಾಲಿದ್ದರೆ ಬೆಳೆಯುತ್ತಲೇ ಹೋಗುತ್ತದೆ. ಸರಾಸರಿ ತಪ್ಪಿನಿಂದ ಭಾಗಿಸುವುದು ಏಕೆಂದರೆ, ವಾರಕ್ಕೆ ನೂರು ಕ್ರೇಟ್ ಏರಿಳಿಯುವ ವಸ್ತುವಿಗೆ 40 ಕ್ರೇಟಿನ ಮೊತ್ತ ಏನೂ ಅಲ್ಲ. ಒಂಬತ್ತು ಕ್ರೇಟಷ್ಟೇ ಏರಿಳಿಯುವ ಮೊಸರಿಗೆ ಅದು ದೊಡ್ಡದು.

ನಮ್ಮ ಏಜೆನ್ಸಿಯಲ್ಲಿ ನಾಲ್ಕನೆಯ ವಾರದ ಕೊನೆಗೆ ಮೊತ್ತ ಋಣ 4, ಸರಾಸರಿ ತಪ್ಪು ಆರೂವರೆ. ಸಿಗ್ನಲ್ ಒಂದನ್ನೂ ಮುಟ್ಟಿಲ್ಲ. ಆರನೆಯ ವಾರಕ್ಕೆ ಮೊತ್ತ 18, ಸರಾಸರಿ 8; ಸಿಗ್ನಲ್ 2.25. ಏಳರಲ್ಲಿ 3.25. ಎಂಟರಲ್ಲಿ ಮೊತ್ತ 42ಕ್ಕೆ ಏರಿ, 9ರಿಂದ ಭಾಗಿಸಿದಾಗ 4.67 ಆಯಿತು. ಸಾಮಾನ್ಯವಾಗಿ 4 ದಾಟಿದರೆ, ಅದು ಧನವಾಗಲಿ ಋಣವಾಗಲಿ, ಅಂದಾಜಿನ ವಿಧಾನವನ್ನೇ ಪರೀಕ್ಷಿಸಬೇಕು ಎಂದು ಲೆಕ್ಕ. ಈ ನಾಲ್ಕು ಯಾರೋ ವಿಧಿಸಿದ ಕಾನೂನಲ್ಲ. ಖಾಲಿಯಾದರೆ ಗಿರಾಕಿ ಕೈಬಿಡುವ, ಉಳಿದರೆ ಹುಳಿಯಾಗುವ ಮೊಸರಿಗೆ ಮಿತಿಯನ್ನು ಮೂರಕ್ಕೇ ಇಡಬಹುದು. ವರ್ಷವಿಡೀ ಕೆಡದ, ಅಗ್ಗದ ಮೊಳೆ ಸ್ಕ್ರೂಗಳಿಗೆ ಎಂಟಕ್ಕೆ ಇಟ್ಟರೂ ನಷ್ಟವಿಲ್ಲ. ಮಿತಿ ಬಿಗಿಯಾದಷ್ಟೂ ಸುಳ್ಳು ಎಚ್ಚರಿಕೆ ಹೆಚ್ಚು, ಸಡಿಲವಾದಷ್ಟೂ ನಿಜವಾದ ಎಚ್ಚರಿಕೆ ತಡ.

ಸಿಗ್ನಲ್ ಮಿತಿ ದಾಟಿತು ಎಂದ ಮಾತ್ರಕ್ಕೆ ಅಂದಾಜಿನ ಅಂಕಿಯನ್ನು 200ರಿಂದ 212ಕ್ಕೆ ಏರಿಸಿ ಕೈತೊಳೆದುಕೊಳ್ಳುವುದು ನನ್ನ ಪ್ರಕಾರ ಎಲ್ಲಕ್ಕಿಂತ ಕೆಟ್ಟ ಉತ್ತರ. ಏನೋ ವಾಲಿದೆ ಎಂದು ಅದು ಹೇಳುತ್ತದೆಯೇ ಹೊರತು ಏಕೆ ಎಂದು ಹೇಳುವುದಿಲ್ಲ. ಅದಕ್ಕೆ ವಾರವಾರದ ವ್ಯತ್ಯಾಸಗಳನ್ನು ಸಾಲಾಗಿ ಓದಬೇಕು. ಒಂದೇ ವಾರ 60 ಕ್ರೇಟ್ ಹೆಚ್ಚಾಗಿ ಉಳಿದವೆಲ್ಲ ಎಂದಿನಂತಿದ್ದರೆ, ಅದು ಯಾವುದೋ ಮದುವೆಯ ಆರ್ಡರ್ ಇರಬಹುದು. ಅದನ್ನು ಪಕ್ಕಕ್ಕಿಟ್ಟು ಹಳೆಯ ವಿಧಾನದಲ್ಲೇ ಮುಂದುವರಿಯಬೇಕು. ಒಂದು ವಾರದಿಂದ ಬೇಡಿಕೆ ಜಿಗಿದು ಅಲ್ಲೇ ನಿಂತಿದ್ದರೆ, ಹೊಸ ಹಾಸ್ಟೆಲ್ ಒಂದು ಗಿರಾಕಿಯಾಗಿರಬಹುದು; ವಿಧಾನ ಅದೇ ಸಾಕು, ಸರಾಸರಿಯನ್ನು ಮಾತ್ರ ಆ ವಾರದಿಂದ ಹೊಸದಾಗಿ ಶುರುಮಾಡಬೇಕು. ನಮ್ಮ ಉದಾಹರಣೆಯ ಕಥೆ ಬೇರೆ. ಐದನೆಯ ವಾರವೆಂದರೆ ಫೆಬ್ರವರಿಯ ಕೊನೆ, ಶಿವರಾತ್ರಿಯ ಹೊತ್ತು. ಚಳಿ ಹೋಗಿ ಬಿಸಿಲು ಏರುತ್ತಿದೆ, ಮನೆಮನೆಯಲ್ಲೂ ಮಜ್ಜಿಗೆ ಶುರುವಾಗಿದೆ. ಚಳಿಗಾಲದ ಮೂರು ತಿಂಗಳ ಸರಾಸರಿಗೆ ಬೇಸಿಗೆಯ ಸುಳಿವೇ ಇರುವುದಿಲ್ಲ. ಅಂಕಿ ತಿದ್ದಿದರೆ ಎರಡು ವಾರಕ್ಕೆ ಮತ್ತೆ ಹಿಂದೆ ಬೀಳುತ್ತದೆ, ಜೂನ್‌ನಲ್ಲಿ ಮಳೆ ಹಿಡಿದಾಗ ತಿರುಗಿ ಉಲ್ಟಾ ತಪ್ಪುತ್ತದೆ. ಇಲ್ಲಿ ಬದಲಿಸಬೇಕಾದದ್ದು ವಿಧಾನ. ಹಿಂದಿನ ಎರಡು ಮೂರು ವರ್ಷಗಳ ಪುಸ್ತಕ ತೆಗೆದು, ಮಾರ್ಚ್, ಏಪ್ರಿಲ್, ಮೇ ತಿಂಗಳ ಖರ್ಚು ವರ್ಷದ ಸರಾಸರಿಗಿಂತ ಎಷ್ಟು ಪಟ್ಟು ಇತ್ತು ಎಂದು ನೋಡಿ, ಆ ಪ್ರಮಾಣದಲ್ಲಿ ಅಂದಾಜನ್ನು ಗುಣಿಸಬೇಕು.

ವಿಧಾನ ಬದಲಿಸಿದ ದಿನವೇ ಕೂಡುತ್ತಾ ಬಂದ ಮೊತ್ತವನ್ನು ಸೊನ್ನೆಗೆ ಇಳಿಸಬೇಕು. ಇದನ್ನು ಮರೆತರೆ ಏನಾಗುತ್ತದೆ ನೋಡಿ. ಹೊಸ ವಿಧಾನ ಎಷ್ಟು ಚೆನ್ನಾಗಿದೆಯೆಂದರೆ ಮುಂದಿನ ಎಂಟು ವಾರ ಒಂದು ಕ್ರೇಟೂ ತಪ್ಪಲಿಲ್ಲ ಎಂದಿಟ್ಟುಕೊಳ್ಳಿ. ಹಳೆಯ 42 ಹಾಗೆಯೇ ಕೂತಿರುತ್ತದೆ. ಹದಿನಾರು ವಾರಗಳ ಸರಾಸರಿ ತಪ್ಪು ಮಾತ್ರ 9ರಿಂದ ನಾಲ್ಕೂವರೆಗೆ ಇಳಿಯುತ್ತದೆ. ಸಿಗ್ನಲ್ 9.33! ಅಂದಾಜು ಸರಿಹೋದ ಮೇಲೆ ಎಚ್ಚರಿಕೆ ದುಪ್ಪಟ್ಟಾಯಿತು.

ಹಳೆಯ ತಪ್ಪುಗಳ ಈ ಭಾರ ಇನ್ನೊಂದು ರೀತಿಯಲ್ಲೂ ಕಾಡುತ್ತದೆ. ಅಂದಾಜು ಎಲ್ಲಿಗೂ ವಾಲದಿದ್ದರೂ, ಬರಿಯ ಆಕಸ್ಮಿಕ ಏರಿಳಿತಗಳನ್ನು ವರ್ಷಗಟ್ಟಲೆ ಕೂಡುತ್ತಾ ಹೋದರೆ ಮೊತ್ತ ತನ್ನಷ್ಟಕ್ಕೆ ಅಲೆದಾಡಿ ಒಂದಲ್ಲ ಒಂದು ದಿನ ಮಿತಿಯನ್ನು ದಾಟುತ್ತದೆ. ಅಮೆರಿಕದ ರಾಬರ್ಟ್ ಬ್ರೌನ್ ದಾಸ್ತಾನು ನಿಯಂತ್ರಣಕ್ಕೆ ಹೇಳಿಕೊಟ್ಟ ಕೂಡುವ ಲೆಕ್ಕದಲ್ಲಿ ಈ ತೊಂದರೆ ಇತ್ತು. 1964ರಲ್ಲಿ ಟ್ರಿಗ್ ಎಂಬವರು ಬೇರೆ ದಾರಿ ತೋರಿಸಿದರು. ತಪ್ಪುಗಳನ್ನು ಕೂಡುವ ಬದಲು, ಹೊಸದಕ್ಕೆ ಹೆಚ್ಚು ತೂಕ, ಹಳೆಯದಕ್ಕೆ ಕ್ರಮೇಣ ಕಡಿಮೆ ತೂಕ ಕೊಟ್ಟು ಸರಾಸರಿ ತೆಗೆಯುವುದು. ಆಗ ಹಳೆಯ ತಪ್ಪು ತಾನಾಗಿ ಮಾಸುತ್ತದೆ, ಸಿಗ್ನಲ್ ಎಂದೂ ಧನ ಒಂದು ಮತ್ತು ಋಣ ಒಂದರ ನಡುವೆಯೇ ಇರುತ್ತದೆ. ಒಂದರ ಹತ್ತಿರ ಬಂದರೆ ತಪ್ಪುಗಳೆಲ್ಲ ಒಂದೇ ದಿಕ್ಕಿನಲ್ಲಿವೆ ಎಂದರ್ಥ. ಸಾವಿರಾರು ವಸ್ತುಗಳಿದ್ದು ಒಂದೊಂದರ ಮೊತ್ತವನ್ನೂ ಕೈಯಾರೆ ಸೊನ್ನೆಗಿಳಿಸಲಾಗದ ಗೋದಾಮಿಗೆ ಇದು ಹೆಚ್ಚು ಒಗ್ಗುತ್ತದೆ.

ಯಾವ ಲೆಕ್ಕ ಹಿಡಿದರೂ ಅದಕ್ಕೆ ಹಾಕುವ ಅಂಕಿ ಬೇಡಿಕೆಯದ್ದಾಗಿರಬೇಕು. ಪುಸ್ತಕದಲ್ಲಿ ಸಿಗುವುದು ಮಾರಾಟ. ಕೋಲ್ಡ್ ರೂಮಿನಲ್ಲಿ ಆ ಹೆಚ್ಚುವರಿ 20 ಕ್ರೇಟ್ ಇರಲಿಲ್ಲ ಎಂದುಕೊಳ್ಳಿ. ಆಗ 206 ಕೇಳಿದ ವಾರವೂ 216 ಕೇಳಿದ ವಾರವೂ ಮಾರಾಟ 200ಕ್ಕೇ ನಿಲ್ಲುತ್ತಿತ್ತು. ಪುಸ್ತಕದ ಪ್ರಕಾರ ಆರು ವಾರ ತಪ್ಪೇ ಇಲ್ಲ. ಉಳಿದ ಎರಡು ವಾರ 8 ಮತ್ತು 7 ಕ್ರೇಟ್ ಕಡಿಮೆ. ಮೊತ್ತ ಋಣ 15, ಸರಾಸರಿ ತಪ್ಪು ಎರಡಕ್ಕಿಂತ ತುಸು ಕಡಿಮೆ, ಸಿಗ್ನಲ್ ಋಣ 8. ಅಂದರೆ ಬೇಸಿಗೆ ಏರುತ್ತಿರುವಾಗ, ಮೊಸರು ಸಿಗದೆ ಗಿರಾಕಿಗಳು ವಾಪಸ್ ಹೋಗುತ್ತಿರುವಾಗ, ಇಂಡೆಂಟ್ ಕಡಿಮೆ ಮಾಡಿ ಎಂದು ಅದೇ ಲೆಕ್ಕ ಹೇಳುತ್ತಿತ್ತು. ಆದ್ದರಿಂದ ಇಲ್ಲವೆಂದು ಕಳಿಸಿದ ಪ್ರತಿ ಕ್ರೇಟನ್ನೂ ಕೌಂಟರಿನಲ್ಲಿರುವವರು ಅಂದೇ ಬರೆದಿಟ್ಟು, ವಾರದ ಕೊನೆಗೆ ಮಾರಾಟದ ಅಂಕಿಗೆ ಸೇರಿಸಿಯೇ ವ್ಯತ್ಯಾಸ ತೆಗೆಯಬೇಕು.